ಪಾಸ್‌ಬುಕ್ಕಿನಲ್ಲಿ 236 ರೂಪಾಯಿ: ಡೆಬಿಟ್ ಕಾರ್ಡು ಇಟ್ಟುಕೊಳ್ಳುವುದಾ, ಬದಲಿಸುವುದಾ, ವಾಪಸ್ ಕೊಡುವುದಾ?

ಪಾಸ್‌ಬುಕ್ ಎಂಟ್ರಿ ಮಾಡಿಸಿದ ತಕ್ಷಣ ನಾವೆಲ್ಲ ನೋಡುವುದು ಕೊನೆಯ ಬ್ಯಾಲೆನ್ಸ್. ನಡುವಿನ ಸಾಲುಗಳ ಮೇಲೆ ಕಣ್ಣಾಡಿಸುವವರು ಕಡಿಮೆ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ ಕೂತಿರುವುದು ಆ ನಡುವಿನ ಸಾಲಿನಲ್ಲೇ. ವರ್ಷಕ್ಕೊಮ್ಮೆ ಬರುತ್ತದೆ, ಸದ್ದಿಲ್ಲದೆ ಕಟ್ ಆಗುತ್ತದೆ, ಮುಂದಿನ ವರ್ಷದವರೆಗೆ ಮರೆತೇ ಹೋಗುತ್ತದೆ.

236 ಅನ್ನೋ ಅಂಕಿ ಎಲ್ಲಿಂದ ಬಂತು? 200 ರೂಪಾಯಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ ಅಂದರೆ 36 ರೂಪಾಯಿ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಸಾದಾ ಕಾರ್ಡಿನ ವಾರ್ಷಿಕ ಶುಲ್ಕವನ್ನು 2024ರ ಏಪ್ರಿಲ್ 1ರಿಂದ 125ರಿಂದ 200ಕ್ಕೆ ಏರಿಸಿತು. ಅದರದೇ ಪ್ಲಾಟಿನಂ ಕಾರ್ಡು 250ರಿಂದ 325ಕ್ಕೆ ಹೋಯಿತು. ತೆರಿಗೆ ಸೇರಿದರೆ 383 ರೂಪಾಯಿ 50 ಪೈಸೆ. ಬೇರೆ ಬ್ಯಾಂಕುಗಳಲ್ಲಿ ಅಂಕಿ ಸ್ವಲ್ಪ ಮೇಲೆ ಕೆಳಗೆ ಇರಬಹುದು, ಆದರೆ ಲೆಕ್ಕದ ರೀತಿ ಒಂದೇ. ಕಾರ್ಡಿನ ದರ್ಜೆ ಮೇಲೆ ಹೋದಷ್ಟೂ ಶುಲ್ಕ ಜಾಸ್ತಿ, ಅದರ ಮೇಲೆ ತೆರಿಗೆ. ಬ್ಯಾಂಕಿನವರು ಬಾಯಿಮಾತಲ್ಲಿ ಹೇಳುವಾಗ 'ಎರಡು ನೂರು' ಅನ್ನುತ್ತಾರೆ, ಕಟ್ ಆಗುವುದು 236.

ಇದೇನು ದೊಡ್ಡ ಮೊತ್ತ ಅಂತ ಅನ್ನಿಸಬಹುದು. ಬಡ್ಡಿಯ ಪಕ್ಕದಲ್ಲಿ ಇಟ್ಟು ನೋಡಿ. ಉಳಿತಾಯ ಖಾತೆಗೆ ಶೇ. 2.5 ಬಡ್ಡಿ ಅಂತ ಹಿಡಿಯೋಣ. 236 ರೂಪಾಯಿ ಬಡ್ಡಿ ಬರಬೇಕಾದರೆ ವರ್ಷವಿಡೀ ಖಾತೆಯಲ್ಲಿ 9,440 ರೂಪಾಯಿ ಅಲ್ಲಾಡದೆ ಇರಬೇಕು. ಅದಕ್ಕಿಂತ ಕಡಿಮೆ ರೊಕ್ಕ ಇಡುವವರ ಖಾತೆ, ಕಾರ್ಡಿನ ಕಾರಣಕ್ಕೆ, ಪ್ರತಿ ವರ್ಷ ಕರಗುತ್ತಾ ಹೋಗುತ್ತದೆ. ಉಳಿತಾಯ ಖಾತೆಯಲ್ಲಿ ಉಳಿತಾಯವೇ ಆಗುವುದಿಲ್ಲ ಅನ್ನುವ ಸ್ಥಿತಿ.

ಒಂದು ಪಾಸ್‌ಬುಕ್ ಬಿಚ್ಚಿ ನೋಡೋಣ

ಗದಗ-ಬೆಟಗೇರಿಯಲ್ಲಿರುವ ನಮ್ಮ ಚಿಗವ್ವನ ಹತ್ತಿರ ಎರಡು ಬ್ಯಾಂಕಿನ ಎರಡು ಖಾತೆ ಇವೆ. ಒಂದಕ್ಕೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಇನ್ನೊಂದು ಹಳೆಯದು. ಆಕೆ ಮೊದಲು ಕೆಲಸ ಮಾಡುತ್ತಿದ್ದ ಕಡೆ ಪಗಾರಕ್ಕೆಂದು ತೆಗೆಸಿದ್ದು. ಒಂದು ದಿನ ಪಾಸ್‌ಬುಕ್ ನನ್ನ ಕೈಗೆ ಕೊಟ್ಟು, 'ಈ ಸಲ ಸರಕಾರದವ್ರು ಕಡಿಮಿ ಹಾಕ್ಯಾರೇನ್ ನೋಡೋ ತಮ್ಮಾ' ಅಂದಳು.

ಸರಕಾರ ಪೂರ್ತಿಯೇ ಹಾಕಿತ್ತು. ಅದೇ ತಾರೀಖಿನ ಕೆಳಗಿನ ಸಾಲಿನಲ್ಲಿ 236 ಹೋಗಿತ್ತು. ಆಗಿದ್ದು ಇಷ್ಟೇ. ಶುಲ್ಕ ಬೀಳುವ ಸಮಯಕ್ಕೆ ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಬ್ಯಾಂಕು ಅದನ್ನು ಬಾಕಿ ಅಂತ ಹಿಡಿದಿಟ್ಟುಕೊಂಡಿತ್ತು. ಖಾತೆಗೆ ಹಣ ಬಿದ್ದ ದಿನವೇ ತೆಗೆದುಕೊಂಡಿತು. ಹೀಗಾಗಿ ಶುಲ್ಕದ ತಾರೀಖು ನೋಡಿ 'ಕಾರ್ಡು ಕೊಟ್ಟ ತಿಂಗಳು ಇದಲ್ಲವಲ್ಲ' ಅಂತ ಗೊಂದಲ ಬೇಡ. ಹಣ ಇಲ್ಲದಿದ್ದಾಗ ತಾರೀಖು ಮುಂದೆ ಸರಿಯುತ್ತದೆ. ಎರಡು ತುಂಡಾಗಿ ಕಟ್ ಆಗುವುದೂ ಉಂಟು.

ಹಳೆಯ ಖಾತೆಯಲ್ಲಿ 383 ರೂಪಾಯಿ 50 ಪೈಸೆಯ ಸಾಲು ಇತ್ತು. ಪಗಾರದ ಖಾತೆ ಇದ್ದಾಗ ಮೇಲ್ದರ್ಜೆಯ ಕಾರ್ಡು ಫುಕಟ್ ಬಂದಿತ್ತು. ಪಗಾರ ಬೀಳುವುದು ನಿಂತ ಮೇಲೆ ಬ್ಯಾಂಕು ಅದನ್ನು ಸಾದಾ ಉಳಿತಾಯ ಖಾತೆ ಅಂತ ಬದಲಿಸಿತು. ಕಾರ್ಡು ಮಾತ್ರ ಅದೇ ಮೇಲ್ದರ್ಜೆಯದು. ಹುಬ್ಬಳ್ಳಿಯಲ್ಲಿ ಕೆಲಸ ಬದಲಿಸುವ ಹುಡುಗರಿಗೆ ಇದು ಬಹಳ ಆಗುತ್ತದೆ. ಹೊಸ ಕಂಪನಿ ಹೊಸ ಬ್ಯಾಂಕಿನಲ್ಲಿ ಖಾತೆ ತೆಗೆಸುತ್ತದೆ, ಹಳೆಯದನ್ನು ಯಾರೂ ನೋಡುವುದಿಲ್ಲ, ಅದರ ಕಾರ್ಡಿನ ಮೀಟರ್ ಓಡುತ್ತಲೇ ಇರುತ್ತದೆ.

ಮೂರನೆಯ ಸಾಲು 354. ಇದು ಬದಲಿ ಕಾರ್ಡಿನದು. 300 ರೂಪಾಯಿ, ಜೊತೆಗೆ ತೆರಿಗೆ 54. ಚಿಗವ್ವ ಕಾರ್ಡು ಎಲ್ಲೋ ಇಟ್ಟು ಮರೆತಿದ್ದಳು. ಓಣಿಯ ಹುಡುಗನೊಬ್ಬ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ಕಾರ್ಡು ಬ್ಲಾಕ್ ಮಾಡಿಸಿದ. ಆ ಕಡೆಯಿಂದ 'ಹೊಸ ಕಾರ್ಡು ಕಳಿಸಬೇಕಾ' ಅಂತ ಕೇಳಿದ್ದಕ್ಕೆ 'ಹ್ಞೂಂ' ಅಂದ. ಆಮೇಲೆ ಹಳೆಯ ಕಾರ್ಡು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕಿತು. ಅಷ್ಟೊತ್ತಿಗೆ ಅದು ಪ್ಲಾಸ್ಟಿಕ್ಕಿನ ತುಂಡು.

ಒಟ್ಟು 236, 383.50, 354. ಕೂಡಿಸಿದರೆ ವರ್ಷಕ್ಕೆ 973 ರೂಪಾಯಿ 50 ಪೈಸೆ. ಹೆಚ್ಚುಕಡಿಮೆ ಅರ್ಧ ತಿಂಗಳ ಗೃಹಲಕ್ಷ್ಮಿ ಇದಕ್ಕೇ ಹೋಯಿತು.

ನಿಮ್ಮ ಪಾಸ್‌ಬುಕ್ಕಿನಲ್ಲಿ ಇದನ್ನು ಹುಡುಕುವಾಗ AMC ಅನ್ನುವ ಮೂರು ಅಕ್ಷರ ನೋಡಿ. "ATMCard AMC", "DC AMC", "ANNUAL FEE", ಹೀಗೆ ಬ್ಯಾಂಕಿಗೊಂದು ಬಗೆ. ಬದಲಿ ಕಾರ್ಡಿನದಾದರೆ "REPLACEMENT" ಅಥವಾ "CARD ISSUE" ಅಂತ ಇರುತ್ತದೆ. ಕೆಲವು ಬ್ಯಾಂಕುಗಳು ಪಕ್ಕದಲ್ಲೇ ಕಾರ್ಡಿನ ಕೊನೆಯ ನಾಲ್ಕು ಅಂಕಿ ಹಾಕುತ್ತವೆ. ಇದು ತುಂಬ ಉಪಯೋಗದ್ದು. ಗಂಡ ಹೆಂಡತಿ ಜಂಟಿ ಖಾತೆಯಲ್ಲಿ ಇಬ್ಬರಿಗೂ ಕಾರ್ಡು ಇದ್ದರೆ ಶುಲ್ಕವೂ ಎರಡು ಸಲ. ಒಂದೇ ಶುಲ್ಕವನ್ನು ತಪ್ಪಾಗಿ ಎರಡು ಸಲ ತೆಗೆದರು ಅಂತ ಜಗಳಕ್ಕೆ ಹೋಗುವ ಮೊದಲು ಆ ನಾಲ್ಕು ಅಂಕಿ ಹೋಲಿಸಿ ನೋಡಿ.

ದಾರಿ ಒಂದು: ಸುಮ್ನೆ ಇಟ್ಟುಕೊಳ್ಳುವುದು

ಕಾರ್ಡನ್ನು ನಿಜವಾಗಿ ಬಳಸುವವರಿಗೆ 236 ದುಬಾರಿ ಅಲ್ಲ. ತಿಂಗಳಿಗೆ 20 ರೂಪಾಯಿಯೂ ಆಗುವುದಿಲ್ಲ. ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ, ಫೋನ್ ಚಾರ್ಜ್ ಸತ್ತಾಗ, ಯುಪಿಐ ಸರ್ವರ್ ಕೈಕೊಟ್ಟಾಗ ಎಟಿಎಂ ಕಾರ್ಡೇ ಗತಿ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದು ಕಾರ್ಡು ಚಾಲ್ತಿಯಲ್ಲಿ ಇರಲೇಬೇಕು ಅನ್ನುವುದು ನನ್ನ ಮಾತು.

ಪ್ರಶ್ನೆ ಇರುವುದು ಎರಡನೆಯ, ಮೂರನೆಯ ಕಾರ್ಡಿನದು. 'ಆ ಬ್ಯಾಂಕಿನ ಎಟಿಎಂ ಮನೆ ಹತ್ತಿರ ಐತಿ, ಇರ್ಲಿ ಬಿಡ್ರಿ' ಅನ್ನುತ್ತಾರೆ. ಎಟಿಎಂ ಯಾವ ಬ್ಯಾಂಕಿನದಾದರೇನು? ತಿಂಗಳಿಗೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ಐದು ವ್ಯವಹಾರ ಉಚಿತ. ಮಹಾನಗರ ಅಲ್ಲದ ಊರುಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲೂ ಐದು ಉಚಿತ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಈ ಲೆಕ್ಕಕ್ಕೇ ಬರುತ್ತವೆ. ಬೆಂಗಳೂರಿಗೆ ಹೋದಾಗ ಮಾತ್ರ ಬೇರೆ ಬ್ಯಾಂಕಿನದು ಮೂರಕ್ಕೆ ಇಳಿಯುತ್ತದೆ. ಅಂದರೆ ನಮ್ಮ ಕಡೆ ಒಂದೇ ಕಾರ್ಡಿನಲ್ಲಿ ತಿಂಗಳಿಗೆ ಹತ್ತು ಸಲ ಪುಕ್ಕಟೆ. ದಾಟಿದರೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿವರೆಗೆ, ತೆರಿಗೆ ಬೇರೆ. ಬ್ಯಾಲೆನ್ಸ್ ನೋಡುವುದೂ ಒಂದು ವ್ಯವಹಾರವೇ, ಅದನ್ನು ಎಟಿಎಂನಲ್ಲಿ ಮಾಡಬೇಡಿ, ಮಿಸ್ಡ್ ಕಾಲ್ ಕೊಟ್ಟು ನೋಡಿ. ತಿಂಗಳಿಗೆ ಹತ್ತು ಸಲ ಎಟಿಎಂ ಮುಂದೆ ನಿಲ್ಲುವ ಮನೆ ಈಗ ಎಷ್ಟಿವೆ ಹೇಳಿ? ಹತ್ತಿರದ ಎಟಿಎಂಗಾಗಿ ಎರಡನೆಯ ಕಾರ್ಡು ಸಾಕುವುದಕ್ಕೆ ಕಾರಣವೇ ಇಲ್ಲ.

ದಾರಿ ಎರಡು: ಕೆಳದರ್ಜೆಯ ಕಾರ್ಡಿಗೆ ಇಳಿಯುವುದು

ಕೇಳಲು ಚೆನ್ನಾಗಿದೆ. ಪ್ಲಾಟಿನಂ ಬಿಟ್ಟು ಸಾದಾ ಕಾರ್ಡು ತಗೊಂಡರೆ 383.50ರ ಬದಲು 236, ವರ್ಷಕ್ಕೆ 147 ರೂಪಾಯಿ 50 ಪೈಸೆ ಉಳಿಯಿತು ಅಲ್ವಾ? ಆದರೆ ಕಾರ್ಡು ಬದಲಿಸಿಕೊಡುವುದನ್ನೇ ಬ್ಯಾಂಕು 'ಬದಲಿ ಕಾರ್ಡು' ಅಂತ ಹಿಡಿದು 354 ತೆಗೆದರೆ, ಆ ರೊಕ್ಕ ಹುಟ್ಟಬೇಕಾದರೆ ಎರಡೂವರೆ ವರ್ಷ ಹತ್ತಿರ ಬೇಕು. ಅಷ್ಟರಲ್ಲಿ ಕಾರ್ಡಿನ ಅವಧಿಯೇ ಮುಗಿಯಬಹುದು.

ಹಾಗಾಗಿ ಈ ದಾರಿಗೆ ಸರಿಯಾದ ಹೊತ್ತು ಒಂದೇ. ಕಾರ್ಡಿನ ಮೇಲೆ ಬರೆದ ಅವಧಿ ಮುಗಿಯಲು ಎರಡು ಮೂರು ತಿಂಗಳಿದೆ ಅನ್ನುವಾಗ. ಹೇಗೂ ಹೊಸ ಕಾರ್ಡು ಬರುವ ಸಮಯ. ಆಗ ಶಾಖೆಗೆ ಹೋಗಿ 'ಇದರ ಬದಲು ನಿಮ್ಮಲ್ಲಿ ಅತಿ ಕಡಿಮೆ ವಾರ್ಷಿಕ ಶುಲ್ಕದ ರೂಪೇ ಕಾರ್ಡು ಕೊಡಿ' ಅಂತ ಅರ್ಜಿ ಕೊಡಿ. ಕೌಂಟರಿನಲ್ಲಿ ಕೇಳಬೇಕಾದ್ದು ಎರಡೇ ಪ್ರಶ್ನೆ: ಬದಲಿಸುವುದಕ್ಕೆ ಇವತ್ತು ಎಷ್ಟು ಕಟ್ ಆಗುತ್ತದೆ, ವರ್ಷ ವರ್ಷ ಎಷ್ಟು ಕಟ್ ಆಗುತ್ತದೆ. ಎರಡಕ್ಕೂ ತೆರಿಗೆ ಸೇರಿಸಿ ಹೇಳಿ ಅನ್ನಿ.

ಮೇಲ್ದರ್ಜೆಯ ಕಾರ್ಡಿನ ಲಾಭ ಅಂತ ವಿಮಾನ ನಿಲ್ದಾಣದ ಲೌಂಜು, ದೊಡ್ಡ ಅಂಗಡಿಯ ರಿಯಾಯಿತಿ, ದಿನಕ್ಕೆ ಜಾಸ್ತಿ ಹಣ ತೆಗೆಯುವ ಮಿತಿ ತೋರಿಸುತ್ತಾರೆ. ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಓಡಾಡುವವರಿಗೆ ಲೌಂಜು ಯಾಕೆ? ದಿನದ ಮಿತಿ ಮಾತ್ರ ವ್ಯಾಪಾರಸ್ಥರಿಗೆ ಕೆಲಸಕ್ಕೆ ಬರುವ ಸಂಗತಿ. ಅಂಥವರು ಇಟ್ಟುಕೊಳ್ಳಲಿ.

ದಾರಿ ಮೂರು: ಖಾತೆ ಇರಲಿ, ಕಾರ್ಡು ಬೇಡ

ಇದನ್ನು ಹೇಳಿದರೆ ಜನ ಹೌಹಾರುತ್ತಾರೆ. ಕಾರ್ಡಿಲ್ಲದೆ ಖಾತೆ ಇಟ್ಟುಕೊಳ್ಳಲು ಬಿಡುತ್ತಾರಾ? ಬಿಡಲೇಬೇಕು. ಡೆಬಿಟ್ ಕಾರ್ಡು ತೆಗೆದುಕೊಳ್ಳಿ ಅಂತ ಗ್ರಾಹಕರನ್ನು ಬಲವಂತ ಮಾಡುವಂತಿಲ್ಲ, ಬೇರೆ ಯಾವುದೇ ಸೌಲಭ್ಯಕ್ಕೆ ಕಾರ್ಡನ್ನು ಗಂಟು ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕು 2022ರ ತನ್ನ ಕಾರ್ಡುಗಳ ನಿರ್ದೇಶನದಲ್ಲಿ ಬರೆದೇ ಇಟ್ಟಿದೆ.

ಎರಡನೆಯ ಭಯ ಯುಪಿಐದು. ಮೊದಲು ಯುಪಿಐ ಪಿನ್ ಹಾಕಿಕೊಳ್ಳಲು ಡೆಬಿಟ್ ಕಾರ್ಡು ಬೇಕೇ ಬೇಕಿತ್ತು, ಅದೇ ನೆನಪಿನಲ್ಲಿ ಜನ ಇದ್ದಾರೆ. ಈಗ ಆಧಾರ್ ಒಟಿಪಿ ಮೂಲಕವೂ ಪಿನ್ ಹಾಕಬಹುದು. ಒಂದೇ ಷರತ್ತು, ಆಧಾರಿನಲ್ಲಿ ಇರುವ ಮೊಬೈಲ್ ನಂಬರೇ ಬ್ಯಾಂಕಿನಲ್ಲೂ ಇರಬೇಕು. ಈಗಾಗಲೇ ನಡೆಯುತ್ತಿರುವ ಯುಪಿಐ, ಕಾರ್ಡು ಮುಚ್ಚಿದ ಕಾರಣಕ್ಕೆ ನಿಲ್ಲುವುದಿಲ್ಲ. ಆದರೂ ಜಾಣತನ ಯಾವುದೆಂದರೆ, ಕಾರ್ಡು ಮುಚ್ಚಿಸುವ ಮೊದಲೇ ಒಮ್ಮೆ ಆಧಾರ್ ಒಟಿಪಿಯಿಂದ ಪಿನ್ ಬದಲಿಸಿ ನೋಡುವುದು. ಅದು ಆಯಿತು ಅಂದರೆ ಮುಂದೆ ಫೋನ್ ಬದಲಿಸಿದರೂ ತೊಂದರೆ ಇಲ್ಲ. ಆಗಲಿಲ್ಲ ಅಂದರೆ ಮೊಬೈಲ್ ನಂಬರ್ ಸರಿಪಡಿಸುವ ತನಕ ಕಾರ್ಡು ಇರಲಿ.

ಎಲ್‌ಐಸಿ ಕಂತು, ಸಾಲದ ಕಂತು ಖಾತೆಯಿಂದ ತಾನಾಗಿ ಹೋಗುತ್ತಿದ್ದರೆ ಅದು ಖಾತೆಯ ಮೇಲೆ ಕೊಟ್ಟ ಒಪ್ಪಿಗೆ. ಕಾರ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಮೊಬೈಲಿನಲ್ಲಿ ಸಿನಿಮಾ ನೋಡುವ ಆ್ಯಪಿಗೆ ಕಾರ್ಡಿನ ನಂಬರ್ ಕೊಟ್ಟಿದ್ದರೆ ಅದು ಮಾತ್ರ ನಿಲ್ಲುತ್ತದೆ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಮರೆತರೆ ಕೆಲವು ಬ್ಯಾಂಕುಗಳಲ್ಲಿ ಕಾರ್ಡಿನ ವಿವರ ಕೇಳುತ್ತಾರೆ, ಕಾರ್ಡಿಲ್ಲದಿದ್ದರೆ ಶಾಖೆಗೆ ಹೋಗಬೇಕು. ಇದು ನಿಜವಾದ ಅನಾನುಕೂಲ, ಮುಚ್ಚಿಡುವುದಿಲ್ಲ.

ನಗದು ಬೇಕಾದಾಗ? ಶಾಖೆಗೆ ಪಾಸ್‌ಬುಕ್ ಒಯ್ದು ವಿತ್‌ಡ್ರಾಲ್ ಫಾರ್ಮ್ ತುಂಬಿದರೆ ಆಯಿತು. ಕೆಲವು ಎಟಿಎಂಗಳಲ್ಲಿ "UPI Cash Withdrawal" ಅಥವಾ "Cardless Cash" ಅನ್ನುವ ಬಟನ್ ಇರುತ್ತದೆ. ಅದನ್ನು ಒತ್ತಿ ಮೊತ್ತ ಹಾಕಿದರೆ ಪರದೆಯ ಮೇಲೆ ಕ್ಯೂಆರ್ ಬರುತ್ತದೆ, ಫೋನಿನಿಂದ ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನೋಟು ಬರುತ್ತದೆ. ಆದರೆ ಎಲ್ಲ ಎಟಿಎಂಗಳಲ್ಲಿ ಇಲ್ಲ, ಎಲ್ಲ ಯುಪಿಐ ಆ್ಯಪ್‌ಗಳಲ್ಲೂ ಇಲ್ಲ. ನಿಮ್ಮ ಓಣಿಯ ಎಟಿಎಂನಲ್ಲಿ ಒಂದು ನೂರು ತೆಗೆದು ಪರೀಕ್ಷೆ ಮಾಡಿಕೊಳ್ಳಿ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ನಂಬರ್ ಕೊಟ್ಟು ಹೆಬ್ಬೆಟ್ಟು ಒತ್ತಿ ಹಣ ತೆಗೆಯುವುದೂ ಇದೆ. ಚಿಗವ್ವನಿಗೆ ಇದು ನಡೆಯಲಿಲ್ಲ. ಮಗ್ಗದ ಮುಂದೆ ಕೂತು ಕೂತು ಬೆರಳಿನ ಗೆರೆ ಸವೆದುಹೋಗಿವೆ. ಯಂತ್ರ ಮತ್ತೆ ಮತ್ತೆ ಕೆಂಪು ದೀಪ ತೋರಿಸಿತು. ಹೊಲದ ಕೆಲಸ, ಗಾರೆ ಕೆಲಸ ಮಾಡುವವರ ಪಾಡೂ ಇದೇ. ಹಾಗಾಗಿ ಹೆಬ್ಬೆಟ್ಟನ್ನೇ ನಂಬಿ ಕೈಯಲ್ಲಿರುವ ಒಂದೇ ಕಾರ್ಡನ್ನು ವಾಪಸ್ ಕೊಡಬೇಡಿ.

ಮುಚ್ಚಿಸುವುದು ಹೇಗೆ ಅನ್ನುವಲ್ಲಿ ಜನ ಎಡವುತ್ತಾರೆ. ಆ್ಯಪಿನಲ್ಲಿ ಕಾರ್ಡನ್ನು 'ಆಫ್' ಮಾಡಿದರೆ ಅದು ಬರೀ ಮಲಗಿರುತ್ತದೆ, ಶುಲ್ಕ ಬರುತ್ತಲೇ ಇರುತ್ತದೆ. ಕವರ್ ಸಹಿತ ಒಡೆಯದೆ ಟ್ರಂಕಿನಲ್ಲಿಟ್ಟ ಕಾರ್ಡಿಗೂ ಶುಲ್ಕ ಬೀಳುವುದುಂಟು, ಬಳಸಿದರಾ ಇಲ್ಲವಾ ಅನ್ನುವುದು ಲೆಕ್ಕಕ್ಕಿಲ್ಲ. ಶಾಖೆಗೆ ಬರಹದಲ್ಲೇ ಕೊಡಬೇಕು, ಹೀಗೆ:

'ಕೊನೆಯ ನಾಲ್ಕು ಅಂಕಿ ____ ಇರುವ ನನ್ನ ಡೆಬಿಟ್ ಕಾರ್ಡನ್ನು ಶಾಶ್ವತವಾಗಿ ಮುಚ್ಚಿರಿ. ಇದಕ್ಕೆ ಬದಲಿ ಕಾರ್ಡು ಕಳಿಸಬೇಡಿ, ಅವಧಿ ಮುಗಿದಾಗ ನವೀಕರಣವೂ ಬೇಡ. ಉಳಿತಾಯ ಖಾತೆ ಮುಂದುವರಿಯಲಿ.'

ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ಈ ಕಾಗದವೇ ಮುಂದಿನ ವರ್ಷ ನಿಮ್ಮ ಕೈಯಲ್ಲಿರುವ ಸಾಕ್ಷಿ. ಕಾರ್ಡು ಕೊಟ್ಟ ತಿಂಗಳು ಯಾವುದು ಅಂತ ಹಳೆಯ ಪಾಸ್‌ಬುಕ್ಕಿನಲ್ಲಿ ನೋಡಿ, ಆ ತಿಂಗಳು ಬರುವ ಮೊದಲೇ ಕೊಡಿ. ಶುಲ್ಕ ಬಿದ್ದ ಮೇಲೆ ಮುಚ್ಚಿಸಿದರೆ ಆ ವರ್ಷದ ರೊಕ್ಕ ವಾಪಸ್ ಬರುತ್ತದೆ ಅನ್ನುವ ನೆಚ್ಚಿಗೆ ಇಟ್ಟುಕೊಳ್ಳಬೇಡಿ.

ದಾರಿ ನಾಲ್ಕು: ಖಾತೆಯನ್ನೇ ಮೂಲ ಉಳಿತಾಯ ಖಾತೆಯಾಗಿ ಬದಲಿಸುವುದು

ಕಡಿಮೆ ಹಣದ ಖಾತೆಗೆ ನಾನು ಮೊದಲು ಹೇಳುವುದು ಇದನ್ನೇ, ಕೌಂಟರಿನಲ್ಲಿ ಯಾರೂ ತಾವಾಗಿ ಹೇಳದ್ದೂ ಇದನ್ನೇ. ಬ್ಯಾಂಕಿನವರ ಭಾಷೆಯಲ್ಲಿ ಇದು ಬಿಎಸ್‌ಬಿಡಿ ಖಾತೆ. ಕನಿಷ್ಠ ಬ್ಯಾಲೆನ್ಸ್ ಇಡಬೇಕಿಲ್ಲ, ಎಷ್ಟು ಸಲ ಬೇಕಾದರೂ ಹಣ ಕಟ್ಟಬಹುದು. ಎಟಿಎಂ ಕಾರ್ಡು ಉಚಿತ, ಅದಕ್ಕೆ ವಾರ್ಷಿಕ ಶುಲ್ಕವೂ ಇಲ್ಲ. ಜನಧನ ಖಾತೆಯೂ ಇದೇ ಜಾತಿಯದು. ಬಡವರಿಗೆ ಮಾತ್ರ ಅನ್ನುವ ನಿಯಮ ಏನಿಲ್ಲ, ಯಾರು ಬೇಕಾದರೂ ಕೇಳಬಹುದು.

ಮಿತಿ ಇರುವುದು ಹಣ ತೆಗೆಯುವುದರಲ್ಲಿ. ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ತೆಗೆಯಲು ಬ್ಯಾಂಕು ಬಿಡಬೇಕು, ಎಟಿಎಂನದೂ ಸೇರಿ. ಅದಕ್ಕಿಂತ ಜಾಸ್ತಿ ಬಿಡುವುದು ಆಯಾ ಬ್ಯಾಂಕಿನ ಇಷ್ಟ. ಮೊದಲು ಯುಪಿಐ ಪಾವತಿಯನ್ನೂ ಈ ನಾಲ್ಕರಲ್ಲಿ ಹಿಡಿಯುತ್ತಾರಾ ಅನ್ನುವ ತಕರಾರು ಇತ್ತು. ರಿಸರ್ವ್ ಬ್ಯಾಂಕು 2025ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಯುಪಿಐ, ನೆಫ್ಟ್, ಅಂಗಡಿಯ ಸ್ವೈಪ್ ಇವೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ ಅಂತ ಹೇಳಿತು. ಸಾದಾ ಖಾತೆಯನ್ನು ಬದಲಿಸಿಕೊಡಿ ಅಂತ ಬರೆದು ಕೇಳಿದರೆ ಏಳು ದಿನದೊಳಗೆ ಬದಲಿಸಬೇಕು ಅಂತಲೂ ಹೇಳಿತು. ಬ್ಯಾಂಕುಗಳಿಗೆ ಕೊಟ್ಟ ಗಡುವು 2026ರ ಏಪ್ರಿಲ್ 1.

ಎರಡು ಎಚ್ಚರಿಕೆ. ಅದೇ ಬ್ಯಾಂಕಿನಲ್ಲಿ ನಿಮಗೆ ಇನ್ನೊಂದು ಉಳಿತಾಯ ಖಾತೆ ಇರುವಂತಿಲ್ಲ. ಇದ್ದರೆ ಅದನ್ನು ಮುಚ್ಚಬೇಕು. ಇನ್ನೊಂದು, 'ಸಣ್ಣ ಖಾತೆ' ಅಂತ ಬೇರೆಯೇ ಒಂದಿದೆ. ಕಾಗದಪತ್ರ ಸರಿಯಾಗಿ ಇಲ್ಲದವರಿಗೆ ಮಾಡಿದ್ದು. ಅದರಲ್ಲಿ ಬ್ಯಾಲೆನ್ಸ್ 50,000 ದಾಟುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಕೆಲವು ಕೌಂಟರಿನಲ್ಲಿ ಈ ಎರಡನ್ನೂ ಕಲಸಿ 'ಅಯ್ಯೋ, ಅದ್ರಾಗ ಬಾಳ ಲಿಮಿಟ್ ಅದಾವ್ರಿ' ಅಂತ ಹೆದರಿಸಿಬಿಡುತ್ತಾರೆ. ಆಧಾರ್, ಪ್ಯಾನ್ ಕೊಟ್ಟು ಪೂರ್ತಿ ಕೆವೈಸಿ ಆದ ಖಾತೆಗೆ ಆ ಮಿತಿಗಳಿಲ್ಲ. ಅರ್ಜಿಯಲ್ಲಿ 'ಪೂರ್ಣ ಕೆವೈಸಿ ಇರುವ ಮೂಲ ಉಳಿತಾಯ ಖಾತೆ' ಅಂತಲೇ ಬರೆಯಿರಿ.

ಜನಧನ ಖಾತೆ ಈಗಾಗಲೇ ಇದ್ದವರು ಅದರ ರೂಪೇ ಕಾರ್ಡನ್ನು ಯಾವ ಕಾರಣಕ್ಕೂ ವಾಪಸ್ ಕೊಡಬೇಡಿ. ಶುಲ್ಕವಂತೂ ಇಲ್ಲ. ಮೇಲಾಗಿ 2018ರ ಆಗಸ್ಟ್ 28ರ ನಂತರ ತೆರೆದ ಖಾತೆಯ ಕಾರ್ಡಿಗೆ 2 ಲಕ್ಷದ ಅಪಘಾತ ವಿಮೆ ಇದೆ, ಅದಕ್ಕೂ ಮೊದಲಿನದಕ್ಕೆ 1 ಲಕ್ಷ. ಆದರೆ ಅಪಘಾತಕ್ಕೆ ಹಿಂದಿನ 90 ದಿನದೊಳಗೆ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಎರಡು ತಿಂಗಳಿಗೊಮ್ಮೆ ಎಟಿಎಂಗೆ ಹೋಗಿ ನೂರು ರೂಪಾಯಿ ತೆಗೆದರೆ ಸಾಕು.

ಬದಲಿ ಕಾರ್ಡಿನ 354 ತಪ್ಪಿಸುವುದು

ಕಾರ್ಡು ಕಾಣದಿದ್ದಾಗ ಮೊದಲ ಕೆಲಸ ಬ್ಲಾಕ್ ಅಲ್ಲ, ಆಫ್. ರಿಸರ್ವ್ ಬ್ಯಾಂಕು 2020ರಲ್ಲೇ ಎಲ್ಲ ಬ್ಯಾಂಕುಗಳಿಗೆ ಕಾರ್ಡನ್ನು ಆನ್ ಆಫ್ ಮಾಡುವ ಸೌಲಭ್ಯ ದಿನದ 24 ಗಂಟೆ ಕೊಡಬೇಕು ಅಂತ ಹೇಳಿದೆ. ಆ್ಯಪಿನಲ್ಲಿ ಎಟಿಎಂ, ಅಂಗಡಿ, ಆನ್‌ಲೈನ್, ಕಾಂಟ್ಯಾಕ್ಟ್‌ಲೆಸ್ ಅಂತ ಬೇರೆ ಬೇರೆ ಗುಂಡಿ ಇರುತ್ತವೆ. ಎಲ್ಲವನ್ನೂ ಆರಿಸಿ. ಕಾಂಟ್ಯಾಕ್ಟ್‌ಲೆಸ್ ಮರೆಯಬೇಡಿ, ಅದರಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೇ ಹೋಗುತ್ತದೆ. ಆಮೇಲೆ ನಿಧಾನಕ್ಕೆ ಮನೆಯೆಲ್ಲ ಹುಡುಕಿ. ಸಿಕ್ಕರೆ ಮತ್ತೆ ಆನ್ ಮಾಡಿದರೆ ಆಯಿತು, ನಯಾಪೈಸೆ ಖರ್ಚಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪರ್ಸೇ ಹೊಡೆದರು, ಅಥವಾ ಆ್ಯಪಿನಲ್ಲಿ ಆರಿಸಲು ಬರುವುದಿಲ್ಲ ಅಂದರೆ ಮಾತ್ರ ಕೂಡಲೇ ಬ್ಲಾಕ್. ಅಂಥ ಹೊತ್ತಿನಲ್ಲಿ 354ರ ಮುಖ ನೋಡಬಾರದು.

ಬ್ಲಾಕ್ ಮಾಡಿಸಿದರೂ ಬದಲಿ ಕಾರ್ಡು ತಾನಾಗಿ ಬರಬಾರದು. ನಿಮ್ಮ ಸ್ಪಷ್ಟ ಒಪ್ಪಿಗೆ ಇದ್ದರೆ ಮಾತ್ರ ಕಳಿಸಬೇಕು ಅಂತ ನಿಯಮ. ಫೋನಿನಲ್ಲಿ 'ಹೊಸದು ಬೇಕಾ' ಅಂತ ಕೇಳಿದಾಗ 'ಈಗ ಬೇಡ, ಬೇಕಾದರೆ ಶಾಖೆಗೆ ಬಂದು ಹೇಳುತ್ತೇನೆ' ಅನ್ನಿ. ಹೊಸದು ಬೇಕೇ ಬೇಕು ಅಂದರೆ ಬ್ಯಾಂಕಿನಲ್ಲಿರುವ ವಿಳಾಸ ಸರಿ ಇದೆಯಾ ನೋಡಿಕೊಂಡು ಆಮೇಲೆ ಹ್ಞೂಂ ಅನ್ನಿ. ಶಿರಹಟ್ಟಿಯ ಹಳೆ ಮನೆ ವಿಳಾಸಕ್ಕೆ ಹೋದ ಕಾರ್ಡು ವಾಪಸ್ ಹೋದರೂ ಶುಲ್ಕ ಮಾತ್ರ ಕಟ್ ಆಗಿರುತ್ತದೆ.

ಪಿನ್ ಮರೆತಿದ್ದಕ್ಕೆ ಹೊಸ ಕಾರ್ಡು ಮಾಡಿಸುವವರನ್ನೂ ನೋಡಿದ್ದೇನೆ. ಅದರ ಅಗತ್ಯವೇ ಇಲ್ಲ. ಎಟಿಎಂನಲ್ಲಿ ಕಾರ್ಡು ಹಾಕಿ ಪಿನ್ ಹುಟ್ಟಿಸುವ ಆಯ್ಕೆ ಒತ್ತಿದರೆ ಫೋನಿಗೆ ಒಟಿಪಿ ಬರುತ್ತದೆ, ಅದರಿಂದ ಹೊಸ ಪಿನ್. ಅವಧಿ ಮುಗಿದು ಬರುವ ಹೊಸ ಕಾರ್ಡಿಗೂ ಸಾಮಾನ್ಯವಾಗಿ ಬದಲಿ ಶುಲ್ಕ ಇರುವುದಿಲ್ಲ. ಅದಕ್ಕೂ 354 ಕಟ್ ಆಗಿದ್ದರೆ ಕೇಳಿ.

ಚಿಗವ್ವನಿಗೆ ಕೊನೆಗೆ ಆಗಿದ್ದು

ಹಳೆಯ ಖಾತೆಯ ಮೇಲ್ದರ್ಜೆಯ ಕಾರ್ಡನ್ನು ಮುಚ್ಚಿಸಿದೆವು, ಖಾತೆ ಉಳಿಸಿಕೊಂಡೆವು. ಅದರಲ್ಲಿ ಸ್ವಲ್ಪ ಹಣ ಇದೆ, ವರ್ಷಕ್ಕೆ ಒಂದೆರಡು ಸಲ ಶಾಖೆಗೆ ಹೋದರೆ ಸಾಕು. ಅಲ್ಲಿ ಕೆಳದರ್ಜೆಗೆ ಇಳಿಯುವುದು ಅರ್ಥವಿಲ್ಲದ್ದು, ಆಕೆ ಆ ಕಾರ್ಡನ್ನು ಬಳಸುವುದೇ ಇಲ್ಲ. ಗೃಹಲಕ್ಷ್ಮಿ ಬರುವ ಖಾತೆಯನ್ನು ಮೂಲ ಉಳಿತಾಯ ಖಾತೆಗೆ ಬದಲಿಸಲು ಅರ್ಜಿ ಕೊಟ್ಟೆವು. ತಿಂಗಳಿಗೆ ಎರಡು ಸಲ ಎಟಿಎಂಗೆ ಹೋಗುವವರಿಗೆ ನಾಲ್ಕರ ಮಿತಿ ಏನೂ ಅಲ್ಲ. ಖಾತೆ ನಂಬರ್ ಅದೇ ಉಳಿಯುತ್ತದಾ ಅಂತ ಮೊದಲೇ ಕೇಳಿಕೊಂಡೆವು. ಸರಕಾರದ ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ, ನಂಬರ್ ಬದಲಾದರೆ ಆ ಜೋಡಣೆಯನ್ನೂ ಮತ್ತೆ ನೋಡಬೇಕಾಗುತ್ತದೆ. ನಂಬರ್ ಬದಲಾಗಲಿಲ್ಲ. 236 ಮತ್ತು 383.50 ಎರಡೂ ಸೇರಿ ವರ್ಷಕ್ಕೆ 619 ರೂಪಾಯಿ 50 ಪೈಸೆ ಉಳಿಯಿತು. 354 ವಾಪಸ್ ಬರಲಿಲ್ಲ. ಆ ಹುಡುಗ ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದ, ಅದು ರೆಕಾರ್ಡ್ ಆಗಿತ್ತು.

ಕಟ್ ಆಗಿದ್ದನ್ನು ವಾಪಸ್ ಕೇಳುವುದು

ಎಲ್ಲ ಶುಲ್ಕವನ್ನೂ ವಾಪಸ್ ಪಡೆಯಲು ಆಗುವುದಿಲ್ಲ. ಕಾರ್ಡು ನೀವೇ ಕೇಳಿ ತಗೊಂಡು, ದರಪಟ್ಟಿಯಲ್ಲಿ ಇರುವಷ್ಟೇ ಕಟ್ ಆಗಿದ್ದರೆ ಅದು ಬ್ಯಾಂಕಿನ ಹಕ್ಕು. 'ದರ ಜಾಸ್ತಿ ಆಯಿತು' ಅನ್ನುವುದು ದೂರು ಆಗುವುದಿಲ್ಲ, ದರ ಎಷ್ಟಿರಬೇಕು ಅನ್ನುವುದು ಬ್ಯಾಂಕಿನ ವ್ಯಾಪಾರದ ತೀರ್ಮಾನ.

ದೂರಿಗೆ ತೂಕ ಬರುವುದು ಇಂಥ ಕಡೆ. ಕಾರ್ಡು ಮುಚ್ಚಿ ಅಂತ ಬರೆದುಕೊಟ್ಟ ಮೇಲೂ ಶುಲ್ಕ ಬಿದ್ದಿದ್ದರೆ. ನೀವು ಕೇಳದೇ ಕಾರ್ಡು ಅಥವಾ ಬದಲಿ ಕಾರ್ಡು ಕಳಿಸಿದ್ದರೆ. ಜನಧನ ಇಲ್ಲವೇ ಮೂಲ ಉಳಿತಾಯ ಖಾತೆಯಿಂದ ಕಾರ್ಡಿನ ವಾರ್ಷಿಕ ಶುಲ್ಕ ತೆಗೆದಿದ್ದರೆ. ಶುಲ್ಕ ಏರಿಸುವ ಮೊದಲು 30 ದಿನದ ಸೂಚನೆ ಕೊಡದಿದ್ದರೆ. ಸೂಚನೆ ಬಂದಿಲ್ಲ ಅನ್ನುವ ಮೊದಲು ಒಂದು ಸಲ ಎಸ್ಸೆಮ್ಮೆಸ್ ಮತ್ತು ಇಮೇಲ್ ಹುಡುಕಿ. ಹಲವರ ಖಾತೆಯಲ್ಲಿ ಹಳೆಯ ಮೊಬೈಲ್ ನಂಬರೇ ಇರುತ್ತದೆ, ಸೂಚನೆ ಬೇರೆ ಯಾರದೋ ಫೋನಿಗೆ ಹೋಗಿರುತ್ತದೆ.

ಮೊದಲು ಶಾಖೆಗೆ ಬರಹದಲ್ಲಿ ಕೊಡಿ. ಶುಲ್ಕ ಬಿದ್ದ ತಾರೀಖು, ಮೊತ್ತ, ಪಾಸ್‌ಬುಕ್ಕಿನ ಸಾಲು ಇದ್ದ ಹಾಗೆ, ಮತ್ತು ಸೀಲು ಬಿದ್ದ ನಿಮ್ಮ ಹಳೆಯ ಅರ್ಜಿಯ ಝೆರಾಕ್ಸ್. ಶುಲ್ಕದ ಜೊತೆ ಜಿಎಸ್‌ಟಿಯನ್ನೂ ವಾಪಸ್ ಹಾಕಿ ಅಂತ ಬರೆಯಿರಿ, ಇಲ್ಲವಾದರೆ 200 ಮಾತ್ರ ಬಂದು 36 ಅಲ್ಲೇ ಉಳಿಯುತ್ತದೆ. 30 ದಿನದಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆ ಇಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ cms.rbi.org.in ನಲ್ಲಿ ದೂರು ಹಾಕಬಹುದು. ಇದಕ್ಕೆ ಫೀಸು ಇಲ್ಲ, ವಕೀಲರು ಬೇಕಿಲ್ಲ. ಹೇಗೆ ಹಾಕಬೇಕು ಅಂತ ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ ಕೇಳಬಹುದು. ಶಾಖೆಗೆ ಕೊಡದೆ ನೇರವಾಗಿ ಇಲ್ಲಿಗೆ ಬಂದರೆ ದೂರು ತೆಗೆದುಕೊಳ್ಳುವುದಿಲ್ಲ. ಸೀಲು ಬಿದ್ದ ಪ್ರತಿ ಹಚ್ಚುವ ಜಾಗ ಅರ್ಜಿಯಲ್ಲೇ ಇದೆ.